ಒಂದು ಆರ್ಡರ್ ಹಲವು ಪಾರ್ಸೆಲ್‌ಗಳಾದಾಗ ಬಿಲ್ಲು ಮತ್ತು ರಿಫಂಡ್ ಮಾಡುವ ಕ್ರಮ

ಗಿರಾಕಿ ನಾಲ್ಕು ಸಾಮಾನುಗಳನ್ನು ಒಂದೇ ಸಲ ಆರ್ಡರ್ ಮಾಡಿ, ಹಣವನ್ನೂ ಒಂದೇ ಸಲ ಕಟ್ಟಿರುತ್ತಾರೆ. ಅವುಗಳಲ್ಲಿ ಎರಡು ಅಂಗಡಿಯಲ್ಲಿ ಸಿದ್ಧವಾಗಿವೆ, ಒಂದು ಇನ್ನೂ ಮಗ್ಗದ ಮೇಲಿದೆ, ನಾಲ್ಕನೆಯದು ಕಂಪನಿಯಿಂದ ಬಂದೇ ಇಲ್ಲ. ಇದ್ದದ್ದನ್ನು ಮೊದಲು ಕಳುಹಿಸುವುದು ಗಿರಾಕಿಗೂ ಒಳ್ಳೆಯದು, ಅಂಗಡಿಗೂ ಒಳ್ಳೆಯದು. ಆದರೆ ಹಾಗೆ ಕಳುಹಿಸಿದ ಕ್ಷಣದಿಂದ ಆ ಒಂದು ಆರ್ಡರ್‌ನ ಲೆಕ್ಕ ಕವಲೊಡೆಯುತ್ತದೆ. ಯಾವ ಪೆಟ್ಟಿಗೆಯೊಳಗೆ ಯಾವ ಬಿಲ್ಲು ಇಡಬೇಕು, ಒಟ್ಟಿಗೆ ಕೊಟ್ಟ ರಿಯಾಯಿತಿಯನ್ನು ಹೇಗೆ ಹಂಚಬೇಕು, ಬಾರದ ಸಾಮಾನಿಗೆ ಎಷ್ಟು ಹಣ ಹಿಂದಿರುಗಿಸಬೇಕು ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಮಂಗಳೂರು ಮತ್ತು ಉಡುಪಿಯಲ್ಲಿ ಅಂಗಡಿಯ ಜೊತೆಗೆ ಆನ್‌ಲೈನ್ ಮಾರಾಟವನ್ನೂ ನಡೆಸುವ, ಜಿಎಸ್‌ಟಿಯಲ್ಲಿ ಸಾಮಾನ್ಯ ನೋಂದಣಿ ಇರುವ ವ್ಯಾಪಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಕಾಂಪೊಸಿಷನ್ ಪದ್ಧತಿಯಲ್ಲಿರುವವರ ಬಿಲ್ಲಿನ ನಿಯಮಗಳು ಬೇರೆ, ಅವನ್ನು ಇಲ್ಲಿ ತೆಗೆದುಕೊಂಡಿಲ್ಲ.

ಇಡೀ ವಿಷಯ ಒಂದು ನಿಯಮದ ಮೇಲೆ ನಿಂತಿದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 31ನೇ ಕಲಮಿನ ಪ್ರಕಾರ, ಸಾಗಿಸಿ ಕೊಡಬೇಕಾದ ಸರಕಿಗೆ ತೆರಿಗೆ ಬಿಲ್ಲನ್ನು ಆ ಸರಕು ಹೊರಡುವ ಮುನ್ನ ಅಥವಾ ಹೊರಡುವ ಹೊತ್ತಿಗೆ ಮಾಡಬೇಕು. ಅಂದರೆ ಬಿಲ್ಲು ಹುಟ್ಟುವುದು ಆರ್ಡರ್ ಬಂದಾಗಲೂ ಅಲ್ಲ, ಹಣ ಬಂದಾಗಲೂ ಅಲ್ಲ, ಸಾಮಾನು ಹೊರಟಾಗ. ಆದ್ದರಿಂದ ಎರಡು ದಿನ ಎರಡು ಪಾರ್ಸೆಲ್ ಹೊರಟರೆ ಎರಡು ಬಿಲ್ಲುಗಳಾಗುತ್ತವೆ, ಹೊರಡದ ಸಾಮಾನಿಗೆ ಬಿಲ್ಲೇ ಇರುವುದಿಲ್ಲ. ರಿಫಂಡ್ ಕೂಡ ಇದನ್ನೇ ಅನುಸರಿಸುತ್ತದೆ: ಬಿಲ್ಲಾದ ಸಾಮಾನಿನ ಹಣ ಹಿಂದಿರುಗಿಸಿದರೆ ಆ ಬಿಲ್ಲಿಗೆ ಕ್ರೆಡಿಟ್ ನೋಟ್ ಬೇಕು, ಬಿಲ್ಲಾಗದ ಸಾಮಾನಿನ ಹಣ ಹಿಂದಿರುಗಿಸಿದರೆ ಕ್ರೆಡಿಟ್ ನೋಟ್ ಬೇಡ. ಇಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ.

ಉದಾಹರಣೆಗೆ ಒಂದು ಆರ್ಡರ್

ಉಡುಪಿಯ ರಥಬೀದಿಯ ಸಮೀಪ ಒಂದು ಅಂಗಡಿ, ಬೈಕಂಪಾಡಿಯಲ್ಲಿ ಅದರ ಗೋದಾಮು ಇದೆ ಎಂದು ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ನೆಲೆಸಿರುವ ಊರಿನವರೊಬ್ಬರು 2025ರ ಅಕ್ಟೋಬರ್ 27ರಂದು ಎರಡು ಉಡುಪಿ ಕೈಮಗ್ಗದ ಸೀರೆ, ಎರಡು ಕಿಲೋ ಗೇರುಬೀಜ ಮತ್ತು ಒಂದು ಮಿಕ್ಸಿಯನ್ನು ಆರ್ಡರ್ ಮಾಡುತ್ತಾರೆ. ಸೀರೆ ಒಂದಕ್ಕೆ ₹2,000, ಗೇರುಬೀಜ ಕಿಲೋಗೆ ₹1,000, ಮಿಕ್ಸಿಗೆ ₹3,000, ಹೀಗೆ ಒಟ್ಟು ₹9,000. ಈ ಬೆಲೆಗಳೆಲ್ಲ ತೆರಿಗೆ ಸೇರಿದವು. ₹8,000 ದಾಟಿದ ಆರ್ಡರ್‌ಗೆ ಅಂಗಡಿಯ ಕೂಪನ್ ಮೂಲಕ ₹900 ರಿಯಾಯಿತಿ ಸಿಕ್ಕಿದೆ, ಸಾಗಣೆಗೆ ₹180 ಸೇರಿದೆ. ಅವರು ಯುಪಿಐ ಮೂಲಕ ಒಂದೇ ಸಲ ₹8,280 ಕಟ್ಟುತ್ತಾರೆ.

ಗೇರುಬೀಜ ಮತ್ತು ಒಂದು ಸೀರೆ ಸಿದ್ಧವಿರುವುದರಿಂದ ಅಕ್ಟೋಬರ್ 29ರಂದು ಹೊರಡುತ್ತವೆ. ಇನ್ನೊಂದು ಸೀರೆಗೆ ಅವರು ಕೇಳಿದ ಬಣ್ಣ ನೇಕಾರರ ಕೈಯಲ್ಲಿದೆ, ಅದು ನವೆಂಬರ್ 6ರಂದು ಹೊರಡುತ್ತದೆ. ಮಿಕ್ಸಿಯ ಆ ಮಾದರಿಯನ್ನು ಕಂಪನಿ ಇನ್ನು ಕಳುಹಿಸುವುದಿಲ್ಲ ಎಂದು ನವೆಂಬರ್ 4ರಂದು ತಿಳಿದುಬರುತ್ತದೆ. ಎರಡನೆಯ ಸೀರೆ ಕೈಗೆ ಬಂದ ಮೇಲೆ, ಬಣ್ಣ ಚಿತ್ರದಲ್ಲಿದ್ದಂತೆ ಇಲ್ಲವೆಂದು ಗಿರಾಕಿ ಅದನ್ನು ಹಿಂದಿರುಗಿಸುತ್ತಾರೆ. ಒಂದೇ ಆರ್ಡರ್‌ನೊಳಗೆ ಭಾಗಶಃ ರವಾನೆ, ಅಂಗಡಿಯಿಂದ ರದ್ದತಿ, ಗಿರಾಕಿಯಿಂದ ವಾಪಸಾತಿ ಮೂರೂ ಬಂದವು. ಇವುಗಳನ್ನು ಬಂದ ಕ್ರಮದಲ್ಲೇ ನೋಡೋಣ.

ಮೊದಲ ಹಂತ: ಆರ್ಡರ್ ಬಂದ ದಿನವೇ ಪ್ರತಿ ಸಾಲಿನ ನಿಜವಾದ ಬೆಲೆ ಕಟ್ಟಿಡುವುದು

ಅತ್ಯಂತ ಮುಖ್ಯವಾದ ಕೆಲಸ ಇದು, ಮತ್ತು ಹೆಚ್ಚಿನವರು ಬಿಡುವುದೂ ಇದನ್ನೇ. ₹900 ರಿಯಾಯಿತಿಯೂ ₹180 ಸಾಗಣೆಯೂ ಇಡೀ ಆರ್ಡರ್‌ಗೆ ಸೇರಿದವು. ಪಾರ್ಸೆಲ್ ಒಡೆದ ಮೇಲೆ ಅವನ್ನು ಹಂಚಲು ಹೊರಟರೆ, ಆ ಹೊತ್ತಿನ ಅನುಕೂಲಕ್ಕೆ ತಕ್ಕಂತೆ ಒಬ್ಬೊಬ್ಬರು ಒಂದೊಂದು ರೀತಿ ಹಂಚುತ್ತಾರೆ. ಕೊನೆಗೆ ಬಿಲ್ಲುಗಳ ಮೊತ್ತ ಗಿರಾಕಿ ಕಟ್ಟಿದ ಹಣಕ್ಕೆ ಕೂಡಿಬರುವುದಿಲ್ಲ. ಆದ್ದರಿಂದ ಪ್ಯಾಕಿಂಗ್‌ಗೂ ಮೊದಲೇ, ಬೆಲೆಯ ಪ್ರಮಾಣದಲ್ಲಿ ಎರಡನ್ನೂ ಪ್ರತಿ ಸಾಲಿಗೆ ಹಂಚಿ ಬರೆದಿಡಬೇಕು. ಇಲ್ಲಿ ರಿಯಾಯಿತಿ ಬೆಲೆಯ ನೂರಕ್ಕೆ ಹತ್ತು, ಸಾಗಣೆ ನೂರಕ್ಕೆ ಎರಡು ಆಗುತ್ತದೆ.

| ಸಾಮಾನು | ಬೆಲೆ | ರಿಯಾಯಿತಿ | ಸಾಗಣೆ | ಗಿರಾಕಿ ನಿಜಕ್ಕೂ ಕೊಟ್ಟದ್ದು |
|---|---|---|---|---|
| ಸೀರೆ 1 | 2,000 | 200 | 40 | 1,840 |
| ಸೀರೆ 2 | 2,000 | 200 | 40 | 1,840 |
| ಗೇರುಬೀಜ 2 ಕಿಲೋ | 2,000 | 200 | 40 | 1,840 |
| ಮಿಕ್ಸಿ | 3,000 | 300 | 60 | 2,760 |
| ಒಟ್ಟು | 9,000 | 900 | 180 | 8,280 |

ಕೊನೆಯ ಕಾಲಮ್ಮಿನ ಅಂಕಿಗಳನ್ನು ಇನ್ನು ಮುಂದೆ ಬದಲಿಸಬಾರದು. ಬಿಲ್ಲಾಗಲಿ, ರಿಫಂಡ್ ಆಗಲಿ, ಅಲ್ಲಿಂದಲೇ ಬರಬೇಕು. ಎರಡು ಸೀರೆಗಳನ್ನು ಎರಡು ಸಾಲುಗಳಾಗಿ ಬರೆದಿರುವುದನ್ನೂ ಗಮನಿಸಿ. ‘ಸೀರೆ, 2 ನಗ’ ಎಂದು ಒಂದೇ ಸಾಲಿನಲ್ಲಿ ಬರೆದರೆ, ಒಂದು ಹೋಗಿ ಒಂದು ಉಳಿದಾಗ ಆ ಸಾಲಿನ ಸ್ಥಿತಿ ಏನೆಂದು ಹೇಳಲಾಗುವುದಿಲ್ಲ.

ಹಂಚಿಕೆ ಎಲ್ಲ ಸಂದರ್ಭದಲ್ಲೂ ಇಷ್ಟು ಸಲೀಸಾಗಿ ಬರುವುದಿಲ್ಲ. ₹100 ರಿಯಾಯಿತಿಯನ್ನು ಒಂದೇ ಬೆಲೆಯ ಮೂರು ಸಾಮಾನಿಗೆ ಹಂಚಿದರೆ ತಲಾ 33.33 ಆಗಿ ಒಂದು ಪೈಸೆ ಉಳಿಯುತ್ತದೆ. ಮೊದಲ ಎರಡು ಸಾಲಿಗೆ 33.33 ಹಾಕಿ, ಉಳಿದದ್ದನ್ನೆಲ್ಲ ಕೊನೆಯ ಸಾಲಿಗೆ ಕೊಡುವುದು ರೂಢಿ. ಒಂದು ಪೈಸೆ ದೊಡ್ಡ ಮೊತ್ತವೇನಲ್ಲ. ಆದರೆ ಗಿರಾಕಿ ಕಟ್ಟಿದ ಮೊತ್ತಕ್ಕಿಂತ ಒಂದು ಪೈಸೆ ಹೆಚ್ಚಿನ ರಿಫಂಡ್ ಕೇಳಿದರೂ ಪೇಮೆಂಟ್ ಗೇಟ್‌ವೇ ಅದನ್ನು ತಿರಸ್ಕರಿಸುತ್ತದೆ, ಆಗ ಕಾರಣ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಸಾಗಣೆಯ ₹180ನ್ನು ಪೂರ್ತಿಯಾಗಿ ಮೊದಲ ಬಿಲ್ಲಿಗೇ ಹಾಕುವವರಿದ್ದಾರೆ. ಬರೆಯಲು ಅದು ಸುಲಭ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಮಿಕ್ಸಿ ಹೋಗಲೇ ಇಲ್ಲದಿದ್ದರೂ ಅದರ ಸಾಗಣೆಯ ₹60 ಆಗ ಅಂಗಡಿಯಲ್ಲೇ ಉಳಿದುಬಿಡುತ್ತದೆ, ಗಿರಾಕಿ ಕೇಳಿದರೆ ಕೊಡಲು ನ್ಯಾಯವಾದ ಉತ್ತರವಿರುವುದಿಲ್ಲ. ಜೊತೆಗೆ ತೆರಿಗೆಯ ಕಾರಣವೂ ಇದೆ. ಸಾಮಾನಿನ ಜೊತೆ ನಾವೇ ವಸೂಲು ಮಾಡುವ ಸಾಗಣೆಯ ಹಣ ಆ ಸಾಮಾನಿನ ಮೌಲ್ಯಕ್ಕೇ ಸೇರುತ್ತದೆ, ಸಾಮಾನಿನ ದರವೇ ಅದಕ್ಕೂ ಅನ್ವಯಿಸುತ್ತದೆ. ಸೀರೆ ಮತ್ತು ಗೇರುಬೀಜಕ್ಕೆ ಶೇ. 5, ಮಿಕ್ಸಿಗೆ ಶೇ. 18 ಇರುವಾಗ ಮಿಕ್ಸಿಯ ಪಾಲಿನ ಸಾಗಣೆಯನ್ನು ಸೀರೆಯ ಬಿಲ್ಲಿಗೆ ತುಂಬಿದರೆ ದರವೂ ತಪ್ಪುತ್ತದೆ. ಎರಡು ಸಲ ಕೊರಿಯರ್ ಮಾಡಿದ್ದಕ್ಕೆ ನಮಗೆ ಹೆಚ್ಚು ಖರ್ಚಾದರೆ ಅದು ನಮ್ಮ ಖರ್ಚು. ಆರ್ಡರ್ ಒಪ್ಪಿಕೊಂಡ ಮೇಲೆ ಅದನ್ನು ಗಿರಾಕಿಯ ಮೇಲೆ ಹೇರಲು ಬರುವುದಿಲ್ಲ.

ಎರಡನೆಯ ಹಂತ: ಮುಂಗಡಕ್ಕೆ ರಸೀದಿ, ಬಿಲ್ಲಲ್ಲ

ಅಕ್ಟೋಬರ್ 27ರಂದು ಬಂದ ₹8,280 ಕಾನೂನಿನ ಕಣ್ಣಿಗೆ ಮುಂಗಡ. ಅದಕ್ಕೆ ಕೊಡಬೇಕಾದದ್ದು ಮುಂಗಡ ರಸೀದಿ, ಅಂದರೆ ರಸೀದಿ ವೋಚರ್. ಸರಕಿನ ಮುಂಗಡದ ಮೇಲೆ ಆಗಲೇ ಜಿಎಸ್‌ಟಿ ಕಟ್ಟಬೇಕಾಗಿಲ್ಲ ಎಂದು 2017ರ ನವೆಂಬರ್ 15ರ ಅಧಿಸೂಚನೆ ಹೇಳಿದೆ, ಬಿಲ್ಲಾದ ತಿಂಗಳಲ್ಲಿ ತೆರಿಗೆ ತೋರಿಸಿದರೆ ಸಾಕು. ಈ ಸೌಲಭ್ಯ ಇರುವುದರಿಂದಲೇ ಇಡೀ ಆರ್ಡರ್‌ಗೆ ಮೊದಲ ದಿನವೇ ಬಿಲ್ಲು ಹರಿಯುವ ಅಗತ್ಯವಿಲ್ಲ.

ಹಾಗಿದ್ದೂ ಅನೇಕ ಅಂಗಡಿಗಳಲ್ಲಿ ಹಣ ಬಂದ ಕೂಡಲೇ ಸಾಫ್ಟ್‌ವೇರ್ ಪೂರ್ತಿ ₹8,280ಕ್ಕೆ ಬಿಲ್ಲು ತೆಗೆದುಬಿಡುತ್ತದೆ. ಇದರ ಪರಿಣಾಮವನ್ನು ನಮ್ಮ ಉದಾಹರಣೆಯಲ್ಲೇ ನೋಡಬಹುದು. ಮಿಕ್ಸಿಯ ₹2,760ರಲ್ಲಿ ₹421.02 ತೆರಿಗೆಯಿದೆ. ಎಂದೂ ಗೋದಾಮಿನಿಂದ ಹೊರಡದ ಒಂದು ಸಾಮಾನಿಗೆ ಅಕ್ಟೋಬರ್ ತಿಂಗಳ ಲೆಕ್ಕದಲ್ಲಿ ಇಷ್ಟು ತೆರಿಗೆ ತೋರಿಸಿ, ಮುಂದೆ ಕ್ರೆಡಿಟ್ ನೋಟ್ ಮಾಡಿ ಅದನ್ನು ಇಳಿಸಬೇಕಾಗುತ್ತದೆ. ಕ್ರೆಡಿಟ್ ನೋಟ್ ಮರೆತರೆ ಆ ಹಣ ಕೈಬಿಟ್ಟಂತೆಯೇ.

ದರ ಬದಲಾಗುವ ಕಾಲದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದುಕಾಣುತ್ತದೆ. 2025ರ ಸೆಪ್ಟೆಂಬರ್ 22ರಂದು ಅನೇಕ ಸಾಮಾನುಗಳ ಜಿಎಸ್‌ಟಿ ದರ ಇಳಿಯಿತು. ಅದಕ್ಕೂ ಮೊದಲು ಹಣ ಕಟ್ಟಿದ್ದ ಆರ್ಡರ್‌ನ ಒಂದು ಪಾರ್ಸೆಲ್ ಆ ದಿನಕ್ಕೆ ಮುನ್ನ, ಇನ್ನೊಂದು ಆ ದಿನದ ನಂತರ ಹೊರಟು ಆಯಾ ದಿನವೇ ಬಿಲ್ಲಾಗಿದ್ದರೆ, ಮೊದಲನೆಯದಕ್ಕೆ ಹಳೆಯ ದರ, ಎರಡನೆಯದಕ್ಕೆ ಹೊಸ ದರ. ಹಣ ಮೊದಲೇ ಬಂದಿದ್ದರೂ, ಸಾಮಾನು ಹೊರಟದ್ದೂ ಬಿಲ್ಲಾದದ್ದೂ ಬದಲಾವಣೆಯ ನಂತರವಾದ್ದರಿಂದ ಹೊಸ ದರವೇ ಸಲ್ಲುತ್ತದೆ. ಇಡೀ ಆರ್ಡರ್‌ಗೆ ಮುಂಚಿತವಾಗಿ ಬಿಲ್ಲು ಹರಿದವರಿಗೆ ಈ ಲೆಕ್ಕ ಕಗ್ಗಂಟಾಯಿತು.

ಮೂರನೆಯ ಹಂತ: ಹೊರಟ ಪಾರ್ಸೆಲ್‌ಗೆ ಹೊರಟ ದಿನದ ಬಿಲ್ಲು

ಅಕ್ಟೋಬರ್ 29ರಂದು ಗೇರುಬೀಜ ಮತ್ತು ಸೀರೆ 1 ಹೊರಡುವಾಗ ಬಿಲ್ಲಿನ ಮೊತ್ತ ₹3,680. ಇದರಲ್ಲಿ ತೆರಿಗೆಗೆ ಮುಂಚಿನ ಮೌಲ್ಯ ₹3,504.76, ತೆರಿಗೆ ₹175.24. ಗಿರಾಕಿ ಕರ್ನಾಟಕದೊಳಗೇ ಇರುವುದರಿಂದ ಇದು ಸಿಜಿಎಸ್‌ಟಿ ₹87.62, ಎಸ್‌ಜಿಎಸ್‌ಟಿ ₹87.62 ಎಂದು ಒಡೆಯುತ್ತದೆ. ರಿಯಾಯಿತಿಯನ್ನು ಬಿಲ್ಲಿನ ಮೇಲೆಯೇ ಸಾಲು ಸಾಲಾಗಿ ತೋರಿಸಬೇಕು, ಏಕೆಂದರೆ ಬಿಲ್ಲಿನಲ್ಲಿ ಕಾಣಿಸಿದ ರಿಯಾಯಿತಿ ಮಾತ್ರ ಈ ಹಂತದಲ್ಲಿ ತೆರಿಗೆಯ ಮೌಲ್ಯದಿಂದ ಕಳೆದುಹೋಗುತ್ತದೆ. ನವೆಂಬರ್ 6ರಂದು ಸೀರೆ 2 ಹೊರಡುವಾಗ ₹1,840ಕ್ಕೆ ಇನ್ನೊಂದು ಬಿಲ್ಲು: ಮೌಲ್ಯ ₹1,752.38, ಎರಡು ತೆರಿಗೆಗಳು ತಲಾ ₹43.81. ಮೊದಲನೆಯದು ಅಕ್ಟೋಬರ್ ತಿಂಗಳ ಜಿಎಸ್‌ಟಿಆರ್-1ಕ್ಕೆ, ಎರಡನೆಯದು ನವೆಂಬರ್ ತಿಂಗಳದ್ದಕ್ಕೆ ಹೋಗುತ್ತದೆ. ಒಂದೇ ಆರ್ಡರ್ ಎರಡು ತಿಂಗಳ ಲೆಕ್ಕದಲ್ಲಿ ಬಂದರೆ ಗಾಬರಿಯಾಗಬೇಕಿಲ್ಲ.

ಬಿಲ್ಲಿನ ಸಂಖ್ಯೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಒಂದೇ ಆರ್ಡರ್ ಎಂದು ಗುರುತಿಸಲು ಕೆಲವರು ಮೊದಲ ಬಿಲ್ಲಿಗೆ `MNG/25-26/00412-A`, ಎರಡನೆಯದಕ್ಕೆ `MNG/25-26/00412-B` ಎಂದು ಕೊಡುತ್ತಾರೆ. ಎಣಿಸಿ ನೋಡಿದರೆ ಇದು 17 ಅಕ್ಷರಗಳಾಗುತ್ತದೆ. ಬಿಲ್ಲಿನ ಸಂಖ್ಯೆ 16 ಅಕ್ಷರಗಳನ್ನು ಮೀರಬಾರದು, ಒಂದರ ಹಿಂದೆ ಒಂದು ಅನುಕ್ರಮವಾಗಿ ಬರಬೇಕು ಎಂಬುದು 46ನೇ ನಿಯಮ. ಆದ್ದರಿಂದ ಪ್ರತಿ ಬಿಲ್ಲಿಗೂ ಸರದಿಯಲ್ಲಿ ಬರುವ ಹೊಸ ಸಂಖ್ಯೆಯನ್ನೇ ಕೊಟ್ಟು, ಆರ್ಡರ್ ಸಂಖ್ಯೆಯನ್ನು ಬಿಲ್ಲಿನೊಳಗೆ ಪ್ರತ್ಯೇಕ ಸಾಲಿನಲ್ಲಿ ಬರೆಯಬೇಕು. ಅದರ ಪಕ್ಕದಲ್ಲಿ ‘ಈ ಆರ್ಡರ್‌ನ ಮೊದಲ ರವಾನೆ, ಒಂದು ಸೀರೆ ಮತ್ತು ಒಂದು ಮಿಕ್ಸಿ ಬಾಕಿ’ ಎಂದು ಬರೆದರೆ, ‘ಹಣ ಪೂರ್ತಿ ಕೊಟ್ಟಿದ್ದೇನೆ, ಬಿಲ್ಲು ಅರ್ಧಕ್ಕೆ ಯಾಕೆ ಬಂತು?’ ಎಂಬ ಫೋನ್ ಕರೆ ಅರ್ಧದಷ್ಟು ಕಡಿಮೆಯಾಗುತ್ತದೆ.

ಎರಡೂ ಪೆಟ್ಟಿಗೆಯಲ್ಲಿ ಪೂರ್ತಿ ಆರ್ಡರ್‌ನ ಒಂದೇ ಬಿಲ್ಲಿನ ಪ್ರತಿ ಇಡುವ ಅಭ್ಯಾಸವನ್ನು ಬಿಡಬೇಕು. ₹1,840ರ ಸೀರೆಯ ಪೆಟ್ಟಿಗೆಯಲ್ಲಿ ₹8,280ರ ಬಿಲ್ಲಿದ್ದರೆ ಕೊರಿಯರ್‌ಗೆ ಬರೆದುಕೊಟ್ಟ ಮೌಲ್ಯ ಸುಳ್ಳಾಗುತ್ತದೆ. ಪೆಟ್ಟಿಗೆ ಕಳೆದುಹೋಗಿ ಪರಿಹಾರ ಕೇಳುವಾಗ, ಅದರೊಳಗೆ ಏನಿತ್ತು ಎಂದು ತೋರಿಸುವ ಕಾಗದವೇ ನಮ್ಮ ಬಳಿ ಇರುವುದಿಲ್ಲ.

ಪಾರ್ಸೆಲ್ ಬಂದಾಗ ಹಣ ಕೊಡುವ ಆರ್ಡರ್ ಆಗಿದ್ದರೆ ಇದು ಇನ್ನೂ ಸೂಕ್ಷ್ಮ. ಕೊರಿಯರ್ ಹುಡುಗ ಲೇಬಲ್ ಮೇಲಿನ ಮೊತ್ತವನ್ನಷ್ಟೇ ಕೇಳುತ್ತಾನೆ. ಮೊದಲ ಪೆಟ್ಟಿಗೆಯ ಲೇಬಲ್ ಮೇಲೆ 3,680, ಎರಡನೆಯದರ ಮೇಲೆ 1,840 ಇರಲೇಬೇಕು. ಮೊದಲ ಪೆಟ್ಟಿಗೆಯಲ್ಲೇ ಪೂರ್ತಿ ಹಣ ಕೇಳಿದರೆ ಗಿರಾಕಿ ಬಾಗಿಲಲ್ಲೇ ಪಾರ್ಸೆಲ್ ನಿರಾಕರಿಸುತ್ತಾರೆ, ಅವರದ್ದೇನೂ ತಪ್ಪಲ್ಲ.

ಎಲ್ಲಕ್ಕೂ ಎರಡು ಬಿಲ್ಲು ಬೇಕಿಲ್ಲ

ಪೆಟ್ಟಿಗೆ ಎರಡಾದ ಮಾತ್ರಕ್ಕೆ ಬಿಲ್ಲು ಎರಡಾಗಬೇಕಿಲ್ಲ. ಒಂದೇ ದಿನ, ಒಂದೇ ವಿಳಾಸಕ್ಕೆ ಎರಡು ಪೆಟ್ಟಿಗೆ ಒಟ್ಟಿಗೆ ಹೊರಟರೆ ಅದು ಒಂದೇ ರವಾನೆ. ಒಂದೇ ಬಿಲ್ಲು ಮಾಡಿ, ಕೊರಿಯರ್‌ನಲ್ಲಿ ಒಂದು ಮುಖ್ಯ ಡಾಕೆಟ್ ಸಂಖ್ಯೆಯ ಕೆಳಗೆ ಎರಡೂ ಪೆಟ್ಟಿಗೆಯನ್ನು ಬುಕ್ ಮಾಡಬಹುದು.

ಇನ್ನೊಂದು ಸಂದರ್ಭ, ಒಂದೇ ಸಾಮಾನು ಬಿಡಿಭಾಗಗಳಾಗಿ ಬೇರೆ ಬೇರೆ ದಿನ ಹೋಗುವುದು. ಮರದ ಮಂಚವೊಂದನ್ನು ಬಿಚ್ಚಿ ಮೂರು ಸಲ ಕಳುಹಿಸಿದರೆ, ಮೊದಲ ಕಟ್ಟು ಹೊರಡುವ ಮುನ್ನ ಪೂರ್ತಿ ಮಂಚಕ್ಕೆ ಒಂದೇ ಬಿಲ್ಲು ಮಾಡಬೇಕು. ಮುಂದಿನ ಕಟ್ಟುಗಳ ಜೊತೆ ಆ ಬಿಲ್ಲಿನ ಸಂಖ್ಯೆ ಬರೆದ ಡೆಲಿವರಿ ಚಲನ್ ಮತ್ತು ಬಿಲ್ಲಿನ ದೃಢೀಕೃತ ಪ್ರತಿ ಹೋಗಬೇಕು, ಮೂಲ ಬಿಲ್ಲು ಕೊನೆಯ ಕಟ್ಟಿನ ಜೊತೆ ಹೋಗಬೇಕು. ಇದು 55ನೇ ನಿಯಮದ 5ನೇ ಉಪನಿಯಮ. ಮಂಚದ ಕಾಲಿಗೊಂದು, ಹಲಗೆಗೊಂದು ಬಿಲ್ಲು ಮಾಡಲು ಬರುವುದಿಲ್ಲ, ಏಕೆಂದರೆ ಗಿರಾಕಿ ಕೊಂಡದ್ದು ಮಂಚವನ್ನು.

ಕೊಳ್ಳುವವರೇ ಜಿಎಸ್‌ಟಿ ನೋಂದಣಿ ಇರುವವರಾದರೆ ಇನ್ನಷ್ಟು ಯೋಚಿಸಬೇಕು. ಮಣಿಪಾಲದ ಒಂದು ಸ್ಟೇಷನರಿ ಅಂಗಡಿ ಐವತ್ತು ಮೇಜುದೀಪಗಳನ್ನು ಕೇಳಿ, ನಾವು ಮೂವತ್ತು ಈಗ, ಇಪ್ಪತ್ತು ಮುಂದಿನ ತಿಂಗಳು ಕಳುಹಿಸುತ್ತೇವೆ ಎಂದಿಟ್ಟುಕೊಳ್ಳಿ. ಐವತ್ತಕ್ಕೂ ಒಂದೇ ಬಿಲ್ಲು ಕೊಟ್ಟರೆ, ಕೊನೆಯ ಕಂತು ಕೈಗೆ ಬರುವ ತನಕ ಅವರಿಗೆ ಆ ಬಿಲ್ಲಿನ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ ಎಂದು 16ನೇ ಕಲಮು ಹೇಳುತ್ತದೆ. ಮೂವತ್ತಕ್ಕೊಂದು, ಇಪ್ಪತ್ತಕ್ಕೊಂದು ಬಿಲ್ಲು ಕೊಟ್ಟರೆ ಮೂವತ್ತರ ಜಮೆಯನ್ನು ಅವರು ಈ ತಿಂಗಳೇ ಪಡೆಯಬಹುದು.

ಗಡಿಯಾಚೆಯ ಗೋದಾಮಿನ ವಿಚಾರವೂ ನಮ್ಮ ಭಾಗದಲ್ಲಿ ಬರುತ್ತದೆ. ಉಡುಪಿಯ ಅಂಗಡಿ ಮತ್ತು ಬೈಕಂಪಾಡಿಯ ಗೋದಾಮು ಒಂದೇ ನೋಂದಣಿಯಲ್ಲಿ ಸೇರಿರಬಹುದು, ಆದರೆ ಎರಡೂ ವಿಳಾಸಗಳು ನೋಂದಣಿಯಲ್ಲಿ ದಾಖಲಾಗಿರಬೇಕು. ಕಾಸರಗೋಡಿನಲ್ಲಿ ಸಾಮಾನು ಇಟ್ಟಿದ್ದರೆ ಹಾಗಲ್ಲ. ಮಂಗಳೂರಿನಿಂದ ಎಷ್ಟೇ ಹತ್ತಿರವಿದ್ದರೂ ಅದು ಕೇರಳ, ಅಲ್ಲಿಂದ ಹೊರಟ ಪಾರ್ಸೆಲ್‌ಗೆ ಕೇರಳದ ನೋಂದಣಿಯ ಬಿಲ್ಲೇ ಆಗಬೇಕು, ಬೆಂಗಳೂರಿನ ಗಿರಾಕಿಗೆ ಅದರಲ್ಲಿ ಐಜಿಎಸ್‌ಟಿ ಬರುತ್ತದೆ. ಒಂದೇ ಆರ್ಡರ್‌ಗೆ ಎರಡು ನೋಂದಣಿ ಸಂಖ್ಯೆಯ ಬಿಲ್ಲುಗಳು ಹೋದಾಗ, ವಾಪಸು ಬರುವ ಸಾಮಾನಿನ ಕ್ರೆಡಿಟ್ ನೋಟ್ ಅದೇ ನೋಂದಣಿಯಿಂದ ಹೊರಡಬೇಕೆಂಬುದನ್ನು ಮರೆಯಬಾರದು.

ನಾಲ್ಕನೆಯ ಹಂತ: ಹೊರಡದ ಸಾಮಾನಿನ ರದ್ದತಿ

ನವೆಂಬರ್ 4ರಂದು ಮಿಕ್ಸಿ ಬರುವುದಿಲ್ಲವೆಂದು ಖಚಿತವಾಯಿತು. ಅದಕ್ಕೆ ಬಿಲ್ಲಾಗಿಲ್ಲ, ಆದ್ದರಿಂದ ಕ್ರೆಡಿಟ್ ನೋಟಿನ ಪ್ರಶ್ನೆಯೇ ಇಲ್ಲ. ಮುಂಗಡ ರಸೀದಿಯನ್ನು ಉಲ್ಲೇಖಿಸಿ ಒಂದು ರಿಫಂಡ್ ವೋಚರ್ ಬರೆದು, ಹಣ ಹಿಂದಿರುಗಿಸಬೇಕು. ಎಷ್ಟು? ಮೊದಲ ಹಂತದ ಪಟ್ಟಿಯಲ್ಲಿ ಬರೆದಿರುವ ₹2,760. ವೆಬ್‌ಸೈಟಿನಲ್ಲಿ ಕಾಣುವ ₹3,000 ಅಲ್ಲ, ಸಾಗಣೆ ಬಿಟ್ಟ ₹2,700 ಕೂಡ ಅಲ್ಲ. ₹3,000 ಕೊಟ್ಟರೆ ಗಿರಾಕಿ ಕೊಡದೇ ಇದ್ದ ₹240ನ್ನು ನಾವು ಕೈಯಿಂದ ಕೊಟ್ಟಂತಾಗುತ್ತದೆ, ₹2,700 ಕೊಟ್ಟರೆ ಸಾಗಿಸದ ಸಾಮಾನಿಗೆ ಸಾಗಣೆ ವಸೂಲು ಮಾಡಿದಂತಾಗುತ್ತದೆ.

ಇಲ್ಲಿ ಕೂಪನ್‌ನ ಪ್ರಶ್ನೆ ಏಳುತ್ತದೆ. ರಿಯಾಯಿತಿ ಕೊಟ್ಟದ್ದು ₹8,000 ದಾಟಿದ ಆರ್ಡರ್‌ಗೆ, ಮಿಕ್ಸಿ ಹೋದರೆ ಉಳಿಯುವುದು ₹6,000 ಬೆಲೆಯ ಸಾಮಾನು. ಹಾಗಾದರೆ ಸೀರೆ, ಗೇರುಬೀಜಕ್ಕೆ ಕೊಟ್ಟ ₹600 ರಿಯಾಯಿತಿಯನ್ನು ಮಿಕ್ಸಿಯ ರಿಫಂಡ್‌ನಲ್ಲಿ ಹಿಡಿದುಕೊಳ್ಳಬಹುದೇ? ಹಿಡಿದುಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಗಿರಾಕಿ ತಮ್ಮ ಷರತ್ತನ್ನು ಪೂರೈಸಿದ್ದಾರೆ, ಸಾಮಾನು ಕೊಡಲಾಗದವರು ನಾವು. ಗಿರಾಕಿಯೇ ಮನಸ್ಸು ಬದಲಿಸಿ ಮಿಕ್ಸಿ ಬೇಡವೆಂದರೆ ಮಾತು ಬೇರೆ, ಆದರೆ ಆಗಲೂ ‘ಭಾಗ ರದ್ದಾದರೆ ಕೂಪನ್ ರಿಯಾಯಿತಿ ಕಡಿತವಾಗುತ್ತದೆ’ ಎಂಬ ಷರತ್ತು ಹಣ ಕಟ್ಟುವ ಮೊದಲೇ ಅವರಿಗೆ ಕಾಣಿಸಿರಬೇಕು. ಹಾಗೆ ಕಡಿತ ಮಾಡಿದರೆ, ಈಗಾಗಲೇ ಹೊರಟ ಸಾಮಾನಿನ ಬೆಲೆ ಏರಿದಂತಾಗಿ ಆ ಬಿಲ್ಲಿಗೆ ಡೆಬಿಟ್ ನೋಟ್ ಮಾಡಬೇಕಾಗುತ್ತದೆ. ಸಣ್ಣ ಮೊತ್ತಕ್ಕೆ ಇಷ್ಟು ಕಾಗದ ಹುಟ್ಟಿಸುವುದಕ್ಕಿಂತ ಕಡಿತವನ್ನು ಬಿಟ್ಟುಕೊಡುವುದೇ ಲೇಸು.

ರದ್ದತಿ ಶುಲ್ಕದ ಬಗ್ಗೆಯೂ ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳು ಸ್ಪಷ್ಟವಾಗಿವೆ. ನಾವಾಗಿಯೇ ರದ್ದು ಮಾಡಿದಾಗ ನಾವೂ ಅಂಥದೇ ಶುಲ್ಕ ತೆರುವವರಲ್ಲದಿದ್ದರೆ, ಗಿರಾಕಿ ರದ್ದು ಮಾಡಿದಾಗಲೂ ಶುಲ್ಕ ವಿಧಿಸುವಂತಿಲ್ಲ. ಹೇಳಿದ ದಿನಕ್ಕೆ ತಲುಪದ ಸಾಮಾನನ್ನು ವಾಪಸು ಪಡೆಯಲು ಅಥವಾ ಹಣ ಹಿಂದಿರುಗಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದೂ ಅವು ಹೇಳುತ್ತವೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದಂತಹ ನಮ್ಮ ಕೈಮೀರಿದ ಕಾರಣಕ್ಕೆ ತಡವಾದರೆ ಇದಕ್ಕೆ ವಿನಾಯಿತಿಯಿದೆ, ನೇಕಾರರು ತಡ ಮಾಡಿದರು ಎಂಬುದಕ್ಕೆ ಇಲ್ಲ ಎಂದೇ ತಿಳಿದು ನಡೆಯುವುದು ಕ್ಷೇಮ. ಆದ್ದರಿಂದ ಪಾರ್ಸೆಲ್ ಒಡೆಯುವಾಗ ಎರಡನೆಯ ಭಾಗದ ದಿನಾಂಕವನ್ನು ಪ್ರತ್ಯೇಕವಾಗಿ ತಿಳಿಸಿ, ಬೇಡವಾದರೆ ಆ ಭಾಗವನ್ನು ಮಾತ್ರ ಬಿಡುವ ಅವಕಾಶವನ್ನೂ ಆ ಸಂದೇಶದಲ್ಲೇ ಕೊಡಬೇಕು. ಸಂದೇಶ ಹೀಗಿರಬಹುದು: ‘ನಮಸ್ಕಾರ. ನಿಮ್ಮ ಆರ್ಡರ್‌ನ ಗೇರುಬೀಜ ಮತ್ತು ಒಂದು ಸೀರೆ ಇಂದು ಹೊರಟಿವೆ. ಇನ್ನೊಂದು ಸೀರೆ ನವೆಂಬರ್ 6ರಂದು ಹೊರಡುತ್ತದೆ. ಅದು ಬೇಡವಾದರೆ ಈ ಸಂದೇಶಕ್ಕೆ ಉತ್ತರಿಸಿ, ₹1,840 ಹಿಂದಿರುಗಿಸುತ್ತೇವೆ.’

ಐದನೆಯ ಹಂತ: ವಾಪಸು ಬಂದ ಸಾಮಾನು

ಸೀರೆ 2 ವಾಪಸು ಬಂದು ಅಂಗಡಿಯಲ್ಲಿ ಬಿಚ್ಚಿ ನೋಡಿದ ಮೇಲೆ 34ನೇ ಕಲಮಿನ ಪ್ರಕಾರ ಕ್ರೆಡಿಟ್ ನೋಟ್ ಮಾಡಬೇಕು. ಎಡವುವುದು ಇಲ್ಲಿಯೇ. ಈ ಕ್ರೆಡಿಟ್ ನೋಟ್ ಯಾವ ಬಿಲ್ಲಿಗೆ? ಆರ್ಡರ್ ಸಂಖ್ಯೆಯಿಂದ ಹುಡುಕಿದರೆ ಎರಡು ಬಿಲ್ಲುಗಳು ಸಿಗುತ್ತವೆ, ಎರಡರಲ್ಲೂ ಒಂದೊಂದು ಸೀರೆಯಿದೆ, ಎರಡರ ಬೆಲೆಯೂ ಒಂದೇ. ಅವಸರದಲ್ಲಿ ಮೊದಲು ಕಂಡ ಬಿಲ್ಲಿಗೆ ಕ್ರೆಡಿಟ್ ನೋಟ್ ಬರೆದರೆ ಮೊತ್ತ ಸರಿಯಾಗಿಯೇ ಕಾಣುತ್ತದೆ, ಆದರೆ ದಾಸ್ತಾನಿನಲ್ಲಿ ತಪ್ಪು ಬಣ್ಣದ ಸೀರೆ ವಾಪಸು ಬಂದಂತಾಗುತ್ತದೆ. ಮುಂದೆ ಗಿರಾಕಿ ಇನ್ನೊಂದು ಸೀರೆಯನ್ನೂ ಹಿಂದಿರುಗಿಸಿದರೆ, ಆ ಬಿಲ್ಲಿನಲ್ಲಿ ಹಿಂದಿರುಗಿಸಲು ಸೀರೆಯೇ ಉಳಿದಿರುವುದಿಲ್ಲ. ಇದನ್ನು ತಪ್ಪಿಸಲು, ಪ್ಯಾಕ್ ಮಾಡುವಾಗಲೇ ಪೆಟ್ಟಿಗೆಯೊಳಗಿನ ಚೀಟಿಯ ಮೇಲೆ ಬಿಲ್ಲಿನ ಸಂಖ್ಯೆಯನ್ನು ದೊಡ್ಡದಾಗಿ ಬರೆದು, ವಾಪಸು ಕಳುಹಿಸುವಾಗ ಆ ಚೀಟಿಯನ್ನು ಜೊತೆಗಿಡಲು ಕೇಳಬೇಕು.

ಬಣ್ಣ ಚಿತ್ರದಲ್ಲಿದ್ದಂತೆ ಇಲ್ಲದಿರುವುದು ನಮ್ಮ ಕಡೆಯ ಕೊರತೆ, ಆದ್ದರಿಂದ ಸಾಗಣೆಯೂ ಸೇರಿ ಪೂರ್ತಿ ₹1,840 ಹೋಗಬೇಕು. ಕ್ರೆಡಿಟ್ ನೋಟಿನಲ್ಲಿ ಮೌಲ್ಯ ₹1,752.38, ತೆರಿಗೆಗಳು ತಲಾ ₹43.81, ಎರಡನೆಯ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ಇರಬೇಕು. ಗಿರಾಕಿ ಸುಮ್ಮನೆ ಮನಸ್ಸು ಬದಲಿಸಿದ್ದು, ಸಾಗಣೆ ಹಿಂದಿರುಗಿಸುವುದಿಲ್ಲವೆಂದು ಮೊದಲೇ ತಿಳಿಸಿದ್ದರೆ ₹1,800 ರಿಫಂಡ್ ಮಾಡಬಹುದು, ಆಗ ಕ್ರೆಡಿಟ್ ನೋಟ್ ಕೂಡ ₹1,800ಕ್ಕೇ ಆಗಬೇಕು. ಕ್ರೆಡಿಟ್ ನೋಟ್ ಒಂದು ಮೊತ್ತಕ್ಕೆ, ಬ್ಯಾಂಕಿನಿಂದ ಹೋದ ಹಣ ಇನ್ನೊಂದು ಮೊತ್ತಕ್ಕೆ ಆಗುವುದೇ ವರ್ಷಾಂತ್ಯದ ಲೆಕ್ಕ ಕೂಡಿಬಾರದಿರಲು ದೊಡ್ಡ ಕಾರಣ.

ತೆರಿಗೆ ಇಳಿಸಿಕೊಳ್ಳಲು ಒಂದು ಗಡುವಿದೆ. ಮಾರಾಟವಾದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದರೊಳಗೆ ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸಬೇಕು. ನಮ್ಮ ಉದಾಹರಣೆಗೆ ಅದು ಹೆಚ್ಚೆಂದರೆ 2026ರ ನವೆಂಬರ್ 30.

ಎರಡನೆಯ ಪಾರ್ಸೆಲ್ ಗಿರಾಕಿಗೆ ತಲುಪದೆ ನಮಗೇ ವಾಪಸಾದರೂ ಕ್ರಮ ಇದೇ, ಏಕೆಂದರೆ ಅದು ಬಿಲ್ಲಾಗಿ ಹೊರಟಿತ್ತು. ದಾರಿಯಲ್ಲಿ ಕಳೆದುಹೋದರೆ ಗಿರಾಕಿಗೆ ಹಣ ಹಿಂದಿರುಗಿಸಿ ಕ್ರೆಡಿಟ್ ನೋಟ್ ಮಾಡಬೇಕು. ಅದರ ಜೊತೆಗೆ, ಕಳೆದುಹೋದ ಸರಕಿನ ಖರೀದಿಯ ಮೇಲೆ ನಾವು ಪಡೆದಿದ್ದ ತೆರಿಗೆ ಜಮೆಯನ್ನೂ ಬಿಡಬೇಕಾಗುತ್ತದೆ, ಕೊರಿಯರ್‌ನಿಂದ ಪರಿಹಾರ ಕೇಳುವಾಗ ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಣ ಹಿಂದಿರುಗಿಸುವ ರೀತಿ ಮತ್ತು ಕೊನೆಯ ತಾಳೆ

ಎರಡೂ ರಿಫಂಡ್‌ಗಳನ್ನು ಪೇಮೆಂಟ್ ಗೇಟ್‌ವೇಯಲ್ಲಿ ಮೂಲ ₹8,280ರ ವಹಿವಾಟಿನ ಮೇಲೆಯೇ ಭಾಗಶಃ ರಿಫಂಡ್ ಆಗಿ ಮಾಡಬೇಕು. ಗಿರಾಕಿ ಫೋನ್ ಮಾಡಿ ಕೇಳಿದರೆಂದು ಅಂಗಡಿಯ ಖಾತೆಯಿಂದ ಅವರ ಯುಪಿಐ ವಿಳಾಸಕ್ಕೆ ನೇರವಾಗಿ ಹಣ ಹಾಕಿದರೆ ಆ ರಿಫಂಡ್ ಗೇಟ್‌ವೇಗೆ ತಿಳಿಯುವುದಿಲ್ಲ. ಮರುದಿನ ಬೇರೊಬ್ಬ ಸಿಬ್ಬಂದಿ ಅದೇ ಮಿಕ್ಸಿಗೆ ಗೇಟ್‌ವೇಯಲ್ಲೂ ರಿಫಂಡ್ ಒತ್ತಿದರೆ ತಡೆಯುವವರೇ ಇರುವುದಿಲ್ಲ. ಪ್ರತಿ ರಿಫಂಡ್‌ನ ಟಿಪ್ಪಣಿಯಲ್ಲಿ ಒಂದಕ್ಕೆ ವೋಚರ್ ಸಂಖ್ಯೆ, ಇನ್ನೊಂದಕ್ಕೆ ಕ್ರೆಡಿಟ್ ನೋಟ್ ಸಂಖ್ಯೆ ಬರೆದರೆ ಯಾವ ಹಣ ಯಾವ ಸಾಮಾನಿಗೆ ಹೋಯಿತೆಂದು ಯಾವಾಗ ಬೇಕಾದರೂ ಹೇಳಬಹುದು.

ಆರ್ಡರ್ ಮುಚ್ಚುವ ಮೊದಲು ಎರಡು ತಾಳೆ ನೋಡಬೇಕು. ಮೊದಲನೆಯದು ಸಾಮಾನಿನದು: ಕೇಳಿದ ಪ್ರತಿಯೊಂದು ನಗವೂ ಹೊರಟಿದ್ದು, ರದ್ದಾಗಿದ್ದು, ಬಾಕಿಯಿರುವುದು ಈ ಮೂರರಲ್ಲಿ ಒಂದರಲ್ಲಿ, ಒಂದರಲ್ಲಿ ಮಾತ್ರ, ಇರಬೇಕು. ಎರಡನೆಯದು ಹಣದ್ದು.

```
8,280 - 2,760 - 1,840 = 3,680
(3,680 + 1,840) - 1,840 = 3,680
```

ಮೊದಲ ಸಾಲು ಬ್ಯಾಂಕಿನ ಕಡೆಯಿಂದ, ಅಂದರೆ ಬಂದ ಹಣದಿಂದ ಎರಡು ರಿಫಂಡ್‌ಗಳನ್ನು ಕಳೆದದ್ದು. ಎರಡನೆಯದು ಕಾಗದದ ಕಡೆಯಿಂದ, ಅಂದರೆ ಎರಡು ಬಿಲ್ಲುಗಳಿಂದ ಕ್ರೆಡಿಟ್ ನೋಟನ್ನು ಕಳೆದದ್ದು. ಎರಡೂ ಒಂದೇ ಅಂಕಿಗೆ ಬರಬೇಕು. ಬ್ಯಾಂಕಿನ ಕಡೆ ₹240 ಕಡಿಮೆ ಬಂದರೆ ಮಿಕ್ಸಿಗೆ ವೆಬ್‌ಸೈಟ್ ಬೆಲೆಯ ರಿಫಂಡ್ ಹೋಗಿದೆ ಎಂದು ತಿಳಿಯಬಹುದು, ₹60 ಹೆಚ್ಚು ಬಂದರೆ ಅದರ ಸಾಗಣೆ ನಮ್ಮಲ್ಲೇ ಉಳಿದಿದೆ. ಕಾಗದದ ಕಡೆ ₹2,760 ಹೆಚ್ಚು ಕಂಡರೆ ಇಡೀ ಆರ್ಡರ್‌ಗೆ ಬಿಲ್ಲಾಗಿ ಮಿಕ್ಸಿಯ ಕ್ರೆಡಿಟ್ ನೋಟ್ ಬಿಟ್ಟುಹೋಗಿದೆ. ಈ ತಾಳೆಯನ್ನು ವರ್ಷಾಂತ್ಯಕ್ಕೆ ಇಟ್ಟುಕೊಳ್ಳದೆ, ಒಂದಕ್ಕಿಂತ ಹೆಚ್ಚು ಬಿಲ್ಲಾದ ಆರ್ಡರ್‌ಗಳನ್ನಷ್ಟೇ ಬೇರೆ ಮಾಡಿ, ಪ್ರತಿ ತಿಂಗಳು ಜಿಎಸ್‌ಟಿಆರ್-1 ಸಲ್ಲಿಸುವ ಮುನ್ನ ನೋಡಿಬಿಡಬೇಕು.